ವಿದೇಶಿ ಚಂದಾದಾರರ ಬಿಲ್ಲುಗಳಲ್ಲಿ ವಿನಿಮಯ ದರದ ವ್ಯತ್ಯಾಸ: ಲೆಕ್ಕ ಇಡುವ ಕ್ರಮ

ರಫ್ತು ಎಂದರೆ ಪೆಟ್ಟಿಗೆಗಳಲ್ಲಿ ತುಂಬಿ ಬಂದರಿಗೆ ಕಳುಹಿಸುವ ಸರಕು ಮಾತ್ರವೆಂಬ ಕಾಲ ಹಿಂದೆ ಸರಿದಿದೆ. ಯಂತ್ರವನ್ನು ಒಮ್ಮೆ ಮಾರಿ, ಅದರ ನಿರ್ವಹಣೆ, ತಂತ್ರಾಂಶ ಅಥವಾ ಮಾಹಿತಿ ಸೇವೆಗಾಗಿ ಪ್ರತಿ ವರ್ಷ ಚಂದಾ ಪಡೆಯುವ ಪದ್ಧತಿಯು ಸಣ್ಣ ಉದ್ದಿಮೆಗಳಲ್ಲಿಯೂ ರೂಢಿಗೆ ಬಂದಿದೆ. ಇಂತಹ ಚಂದಾದಾರರು ವಿದೇಶದಲ್ಲಿದ್ದು ಡಾಲರ್ ಅಥವಾ ದಿನಾರ್‌ಗಳಲ್ಲಿ ಹಣ ಕಳುಹಿಸಿದಾಗ, ಬಿಲ್ಲಿನಲ್ಲಿ ಬರೆದ ರೂಪಾಯಿ ಮೊತ್ತಕ್ಕೂ ಬ್ಯಾಂಕಿನಲ್ಲಿ ಜಮೆಯಾದ ಮೊತ್ತಕ್ಕೂ ತಾಳೆಯಾಗುವುದು ಅಪರೂಪ. ಬಹುತೇಕ ಕಚೇರಿಗಳಲ್ಲಿ ಈ ಅಂತರವನ್ನು ಪೂರ್ತಿಯಾಗಿ ‘ವಿನಿಮಯ ನಷ್ಟ’ ಎಂಬ ಒಂದೇ ಖಾತೆಗೆ ಹಾಕಿ ಪುಸ್ತಕವನ್ನು ಸರಿದೂಗಿಸಲಾಗುತ್ತದೆ. ಹಾಗೆ ಮಾಡಿದರೆ ನಿಜವಾದ ವಿನಿಮಯ ನಷ್ಟವೆಷ್ಟು, ಮಧ್ಯವರ್ತಿಗಳ ಶುಲ್ಕವೆಷ್ಟು, ಚಂದಾದಾರನಿಂದ ಇನ್ನೂ ಬರಬೇಕಾದ ಬಾಕಿ ಏನಾದರೂ ಇದೆಯೇ ಎಂಬುದು ಮಾಲೀಕನಿಗೆ ಎಂದೂ ತಿಳಿಯುವುದಿಲ್ಲ. ಈ ಲೇಖನದಲ್ಲಿ ಅಂತಹ ಅಂತರವನ್ನು ಬಿಡಿಸಿ ನೋಡುವ ಕ್ರಮವನ್ನು ಒಂದು ಉದಾಹರಣೆಯ ಮೂಲಕ ವಿವರಿಸಲಾಗಿದೆ.

ಬೆಳಗಾವಿಯ ಒಂದು ಸಣ್ಣ ಘಟಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಫೌಂಡ್ರಿಗಳ ಕುಲುಮೆಯ ಉಷ್ಣಾಂಶವನ್ನು ದಾಖಲಿಸುವ ಉಪಕರಣವನ್ನು ಈ ಘಟಕ ತಯಾರಿಸುತ್ತದೆ. ಉಪಕರಣ ಕೊಂಡ ವಿದೇಶಿ ಫೌಂಡ್ರಿಗಳು ಅದರ ಅಂಕಿಅಂಶಗಳನ್ನು ಅಂತರ್ಜಾಲದ ಮೂಲಕ ನೋಡಲು ವಾರ್ಷಿಕ ಚಂದಾ ಕೊಡುತ್ತವೆ. ಚಂದಾ ವರ್ಷಕ್ಕೆ 1,200 ಅಮೆರಿಕನ್ ಡಾಲರ್. ಮುಂದೆ ಬರುವ ವಿನಿಮಯ ದರಗಳು ಹಾಗೂ ಶುಲ್ಕಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಅವು ಯಾವುದೇ ನಿರ್ದಿಷ್ಟ ದಿನದ ಮಾರುಕಟ್ಟೆ ದರಗಳಲ್ಲ.

ಒಂದೇ ವ್ಯವಹಾರ, ಮೂರು ದರಗಳು

ಚಂದಾದಾರನೊಬ್ಬನ ಒಂದು ಪಾವತಿಯಲ್ಲಿ ಕನಿಷ್ಠ ಮೂರು ದರಗಳು ತಲೆಹಾಕುತ್ತವೆ. ಮೊದಲನೆಯದು ಬಿಲ್ಲಿನ ದಿನಾಂಕದ ದರ. ಇದನ್ನು ವಿಶ್ವಾಸಾರ್ಹವಾದ ಒಂದೇ ಮೂಲದಿಂದ ಪಡೆಯಬೇಕು. ಡಾಲರ್, ಯೂರೋ, ಪೌಂಡ್ ಮತ್ತು ಯೆನ್‌ಗಳ ಉಲ್ಲೇಖ ದರವನ್ನು ಹಿಂದೆ ರಿಸರ್ವ್ ಬ್ಯಾಂಕ್ ತಾನೇ ಲೆಕ್ಕ ಹಾಕಿ ಪ್ರಕಟಿಸುತ್ತಿತ್ತು; 2018ರ ಜುಲೈ 10ರಿಂದ ಆ ಕೆಲಸವನ್ನು ಎಫ್.ಬಿ.ಐ.ಎಲ್. ಎಂಬ ಸಂಸ್ಥೆ ವಹಿಸಿಕೊಂಡಿದೆ. ಎರಡನೆಯದು ಹಣ ಸಂಗ್ರಹಿಸುವ ಪೇಮೆಂಟ್ ಗೇಟ್‌ವೇ ಅಥವಾ ಬ್ಯಾಂಕು ವಿದೇಶಿ ಹಣವನ್ನು ರೂಪಾಯಿಗೆ ಬದಲಾಯಿಸುವ ದರ. ಇದರಲ್ಲಿ ಅವರ ಲಾಭಾಂಶವೂ ಸೇರಿರುವುದರಿಂದ ಇದು ಸಾಮಾನ್ಯವಾಗಿ ಉಲ್ಲೇಖ ದರಕ್ಕಿಂತ ಕಡಿಮೆ ಇರುತ್ತದೆ. ಮೂರನೆಯದು ಲೆಕ್ಕದ ಅವಧಿಯ ಕೊನೆಯ ದಿನದ, ಅಂದರೆ ಮಾರ್ಚ್ 31ರ ದರ. ಅಂದಿಗೆ ಹಣ ಬಾರದೆ ಉಳಿದಿದ್ದರೆ ಇದು ಬೇಕಾಗುತ್ತದೆ.

ಈ ಮೂರನ್ನೂ ಬೇರೆ ಬೇರೆಯಾಗಿ ಉಳಿಸಿಕೊಳ್ಳದ ಬಿಲ್ಲಿಂಗ್ ದಾಖಲೆಯಿಂದ ಮುಂದೆ ಯಾವ ಲೆಕ್ಕವನ್ನೂ ಪುನಃ ಕಟ್ಟಲು ಸಾಧ್ಯವಿಲ್ಲ. ಅನೇಕ ತಂತ್ರಾಂಶಗಳಲ್ಲಿ ಹಣ ಬಂದ ಕೂಡಲೇ ಬಿಲ್ಲಿನ ರೂಪಾಯಿ ಮೊತ್ತವನ್ನು ಅಳಿಸಿ, ಬ್ಯಾಂಕಿನ ಮೊತ್ತವನ್ನು ಅದೇ ಜಾಗದಲ್ಲಿ ಬರೆಯುವ ಅಭ್ಯಾಸವಿದೆ. ಖಾತೆ ತಾಳೆಯಾದಂತೆ ಕಾಣುತ್ತದೆ ನಿಜ, ಆದರೆ ಸಲ್ಲಿಸಿದ ತೆರಿಗೆ ವಿವರಣಾ ಪಟ್ಟಿಗೂ ಪುಸ್ತಕಕ್ಕೂ ಸಂಬಂಧ ಕಡಿದುಹೋಗುತ್ತದೆ.

ಮುಂಗಡವಾಗಿ ಬಂದ ಚಂದಾ

ಅಕ್ಟೋಬರ್ 1ರಂದು ಸಿಂಗಪುರದ ಫೌಂಡ್ರಿಯೊಂದು ಒಂದು ವರ್ಷದ ಚಂದಾ 1,200 ಡಾಲರ್‌ಗಳನ್ನು ಕಾರ್ಡಿನ ಮೂಲಕ ಪಾವತಿ ಮಾಡಿತು. ಅಂದಿನ ಉಲ್ಲೇಖ ದರ ಡಾಲರಿಗೆ 85 ರೂಪಾಯಿ. ಆದ್ದರಿಂದ ಬಿಲ್ಲಿನ ಮೌಲ್ಯ 1,02,000 ರೂಪಾಯಿ. ಗೇಟ್‌ವೇ ತನ್ನ ಶುಲ್ಕವಾಗಿ ಶೇಕಡಾ 3.5ರಂತೆ 42 ಡಾಲರ್‌ಗಳನ್ನು ಅಂದೇ ಮುರಿದುಕೊಂಡಿತು. ಗಾಂಧಿ ಜಯಂತಿಯ ರಜೆ ಹಾಗೂ ವಾರಾಂತ್ಯ ಕಳೆದು, ಅಕ್ಟೋಬರ್ 6ರಂದು ಉಳಿದ 1,158 ಡಾಲರ್‌ಗಳನ್ನು 84.20 ರೂಪಾಯಿ ದರದಲ್ಲಿ ಬದಲಾಯಿಸಿ 97,503.60 ರೂಪಾಯಿಗಳನ್ನು ಬ್ಯಾಂಕಿಗೆ ಜಮೆ ಮಾಡಿತು. ಅಂದಿನ ಉಲ್ಲೇಖ ದರ 84.80 ಇತ್ತು.

ಬಿಲ್ಲಿಗೂ ಬ್ಯಾಂಕಿಗೂ ಇರುವ ಅಂತರ 4,496.40 ರೂಪಾಯಿ. ಇದನ್ನು ಹೀಗೆ ಬಿಡಿಸಬಹುದು:

1. ಗೇಟ್‌ವೇ ಶುಲ್ಕ: 42 ಡಾಲರ್, 85 ರೂಪಾಯಿಯಂತೆ — 3,570.00 ರೂಪಾಯಿ.
2. ಮಾರುಕಟ್ಟೆ ದರ 85ರಿಂದ 84.80ಕ್ಕೆ ಇಳಿದದ್ದರ ಪರಿಣಾಮ: 1,158 ಡಾಲರ್, 20 ಪೈಸೆಯಂತೆ — 231.60 ರೂಪಾಯಿ.
3. ಗೇಟ್‌ವೇ ತನ್ನ ದರದಲ್ಲಿ ಸೇರಿಸಿಕೊಂಡ ಲಾಭಾಂಶ: 1,158 ಡಾಲರ್, 60 ಪೈಸೆಯಂತೆ — 694.80 ರೂಪಾಯಿ.

ಮೂರೂ ಸೇರಿದರೆ 4,496.40 ರೂಪಾಯಿ ಆಗುತ್ತದೆ. ಪೂರ್ತಿ ಅಂತರವನ್ನು ವಿನಿಮಯ ನಷ್ಟವೆಂದು ಬರೆದಿದ್ದ ಗುಮಾಸ್ತನ ಲೆಕ್ಕದಲ್ಲಿ ರೂಪಾಯಿಯ ಏರಿಳಿತವೇ ಎಲ್ಲದಕ್ಕೂ ಕಾರಣವೆಂಬಂತೆ ಕಾಣುತ್ತದೆ. ವಾಸ್ತವವಾಗಿ ಏರಿಳಿತದ ಪಾಲು 231.60 ರೂಪಾಯಿ ಮಾತ್ರ. ಉಳಿದ 4,264.80 ರೂಪಾಯಿಗಳು ಹಣ ಸಂಗ್ರಹಣೆಯ ವೆಚ್ಚ. ಇದು ಬಿಲ್ಲಿನ ಮೊತ್ತದ ಶೇಕಡಾ 4.18ರಷ್ಟಾಗುತ್ತದೆ. ಒಪ್ಪಂದದಲ್ಲಿ ಬರೆದಿರುವುದು ಶೇಕಡಾ 3.5 ಮಾತ್ರ, ಉಳಿದುದು ದರದೊಳಗೆ ಅಡಗಿದೆ. ಮಾರುಕಟ್ಟೆಯ ಏರಿಳಿತವನ್ನು ಯಾವ ವರ್ತಕನೂ ತಡೆಯಲಾರ. ಆದರೆ ಶುಲ್ಕ ಮತ್ತು ಲಾಭಾಂಶಗಳ ಬಗ್ಗೆ ಚೌಕಾಸಿ ಮಾಡಬಹುದು, ಅಥವಾ ಬೇರೆ ಮಾರ್ಗವನ್ನು ಹುಡುಕಬಹುದು. ಅಂತರವನ್ನು ಬಿಡಿಸಿ ನೋಡುವುದರ ಮೊದಲ ಪ್ರಯೋಜನವಿದು.

ಪುಸ್ತಕದಲ್ಲಿ ಶುಲ್ಕವನ್ನು ಪ್ರತ್ಯೇಕ ವೆಚ್ಚದ ಖಾತೆಗೆ ಬರೆಯುವುದು ಅಗತ್ಯ. ಎರಡನೆಯ ಮತ್ತು ಮೂರನೆಯ ಬಾಬುಗಳನ್ನು ಒಟ್ಟಾಗಿ 926.40 ರೂಪಾಯಿಗಳೆಂದು ವಿನಿಮಯ ವ್ಯತ್ಯಾಸದ ಖಾತೆಗೆ ಹಾಕುವುದು ಸಾಮಾನ್ಯ ಪದ್ಧತಿ. ಹಾಗೆ ಹಾಕಿದರೂ, ಬಿಲ್ಲಿಂಗ್ ದಾಖಲೆಯಲ್ಲಿ ಅವೆರಡನ್ನೂ ಬೇರೆ ಕಾಲಂಗಳಲ್ಲಿ ತೋರಿಸಿದರೆ ಮಾಲೀಕನಿಗೆ ಉಪಯೋಗವಿದೆ. ಇಲ್ಲಿ ಒಂದು ವಿಷಯವನ್ನು ಮೊದಲೇ ತಿಳಿದುಕೊಂಡಿರಬೇಕು: ಕೆಲವು ಗೇಟ್‌ವೇಗಳು ಪಾವತಿಯಾದ ದಿನವೇ ದರವನ್ನು ನಿಗದಿ ಮಾಡುತ್ತವೆ, ಕೆಲವು ಹಣ ಜಮೆ ಮಾಡುವ ದಿನ ನಿಗದಿ ಮಾಡುತ್ತವೆ. ಮೊದಲ ಬಗೆಯಲ್ಲಿ ನಡುವಿನ ದಿನಗಳ ಏರಿಳಿತ ವರ್ತಕನಿಗೆ ತಟ್ಟುವುದಿಲ್ಲ. ಯಾವ ಬಗೆಯೆಂಬುದು ಒಪ್ಪಂದದಲ್ಲಿರುತ್ತದೆ.

ಮುಂಗಡ ಚಂದಾಕ್ಕೆ ಮರುಮೌಲ್ಯಮಾಪನವಿಲ್ಲ

ಬಂದ ಚಂದಾ ಪೂರ್ತಿಯಾಗಿ ಆ ವರ್ಷದ ಆದಾಯವಲ್ಲ. ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ ಸೇವೆ ಸಲ್ಲಬೇಕಾದುದರಿಂದ ತಿಂಗಳಿಗೆ 100 ಡಾಲರ್, ಅಂದರೆ 8,500 ರೂಪಾಯಿ ಆದಾಯಕ್ಕೆ ಬರುತ್ತದೆ. ಮಾರ್ಚ್ 31ಕ್ಕೆ ಆರು ತಿಂಗಳ 51,000 ರೂಪಾಯಿ ಆದಾಯವಾಗಿ, ಉಳಿದ 51,000 ರೂಪಾಯಿ ಮುಂಗಡ ಚಂದಾ ಎಂಬ ಹೊಣೆಯಾಗಿ ಅಢಾವೆ ಪತ್ರಿಕೆಯಲ್ಲಿ ನಿಲ್ಲುತ್ತದೆ.

ಮಾರ್ಚ್ 31ರ ದರ 88 ರೂಪಾಯಿ ಆಗಿದೆ ಎಂದಿಟ್ಟುಕೊಂಡರೆ, ಉಳಿದ 600 ಡಾಲರ್‌ಗಳ ಹೊಣೆಯನ್ನು 52,800 ರೂಪಾಯಿಗೆ ಏರಿಸಿ 1,800 ರೂಪಾಯಿ ನಷ್ಟ ತೋರಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಡಾಲರ್ ಖಾತೆಗಳನ್ನೆಲ್ಲ ಒಂದೇ ಸಲಕ್ಕೆ ಮರುಮೌಲ್ಯಮಾಪನ ಮಾಡುವ ತಂತ್ರಾಂಶಗಳು ಹೀಗೆಯೇ ಮಾಡಿಬಿಡುತ್ತವೆ. ಇದು ತಪ್ಪು. ಲೆಕ್ಕಪತ್ರ ಮಾನದಂಡ 11ರ ಪ್ರಕಾರ ಅವಧಿಯ ಕೊನೆಯ ದರಕ್ಕೆ ಬದಲಾಯಿಸಬೇಕಾದುದು ಹಣದ ರೂಪದ ಬಾಬುಗಳನ್ನು ಮಾತ್ರ, ಅಂದರೆ ನಿಗದಿಯಾದ ಹಣವನ್ನು ಪಡೆಯುವ ಅಥವಾ ಕೊಡುವ ಮೂಲಕ ತೀರುವ ಬಾಬುಗಳನ್ನು. ಮುಂಗಡ ಚಂದಾ ಹಣ ಕೊಟ್ಟು ತೀರಿಸುವ ಹೊಣೆಯಲ್ಲ, ಸೇವೆ ಸಲ್ಲಿಸಿ ತೀರಿಸುವ ಹೊಣೆ. ಆದ್ದರಿಂದ ಅದು ಮೂಲ ದರದಲ್ಲಿಯೇ, 85 ರೂಪಾಯಿಯಲ್ಲಿಯೇ ನಿಲ್ಲಬೇಕು. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಭಾರತೀಯ ಲೆಕ್ಕಪತ್ರ ಮಾನದಂಡ 21ರಲ್ಲಿ, ಮುಂಗಡವಾಗಿ ಬಂದ ಹಣಕ್ಕೆ ಸಂಬಂಧಿಸಿದ ಆದಾಯವನ್ನು ಮುಂಗಡ ಬಂದ ದಿನದ ದರದಲ್ಲಿಯೇ ಲೆಕ್ಕ ಹಾಕಬೇಕೆಂದು 2018ರ ಏಪ್ರಿಲ್ 1ರಿಂದ ಸ್ಪಷ್ಟಪಡಿಸಲಾಗಿದೆ.

ಇದರ ಹಿಂದಿನ ತರ್ಕ ಸರಳವಾದುದು. ಆ 1,158 ಡಾಲರ್‌ಗಳು ಅಕ್ಟೋಬರ್‌ನಲ್ಲಿಯೇ ರೂಪಾಯಿಗಳಾಗಿವೆ. ಆನಂತರ ಡಾಲರ್ ಏರಿದರೂ ಇಳಿದರೂ ಘಟಕಕ್ಕೆ ಲಾಭವಿಲ್ಲ, ನಷ್ಟವಿಲ್ಲ. ಇಲ್ಲದ ನಷ್ಟವನ್ನು ಮಾರ್ಚ್‌ನಲ್ಲಿ ತೋರಿಸಿದರೆ, ಅಷ್ಟೇ ಪ್ರಮಾಣದ ಇಲ್ಲದ ಆದಾಯವನ್ನು ಮುಂದಿನ ವರ್ಷ ತೋರಿಸಬೇಕಾಗುತ್ತದೆ. ನೂರು ಚಂದಾದಾರರಿದ್ದಲ್ಲಿ 1,800 ರೂಪಾಯಿ 1,80,000 ರೂಪಾಯಿ ಆಗುತ್ತದೆ. ಸಣ್ಣ ಘಟಕದ ಸಾಲದ ಅರ್ಜಿಯೊಂದಿಗೆ ಬ್ಯಾಂಕಿಗೆ ಹೋಗುವ ಲಾಭನಷ್ಟ ಪಟ್ಟಿಯಲ್ಲಿ ಇದು ಅಲ್ಪ ಮೊತ್ತವೇನಲ್ಲ.

ಚಂದಾ ರದ್ದಾಗಿ ಹಣ ಹಿಂತಿರುಗಿಸಬೇಕಾದಾಗ ಪರಿಸ್ಥಿತಿ ಬದಲಾಗುತ್ತದೆ. ಇದೇ ಷರತ್ತುಗಳ ಮತ್ತೊಬ್ಬ ಚಂದಾದಾರ ನಾಲ್ಕು ತಿಂಗಳ ನಂತರ ಚಂದಾ ರದ್ದು ಮಾಡಿದನೆಂದೂ, ಉಳಿದ ಎಂಟು ತಿಂಗಳ 800 ಡಾಲರ್‌ಗಳನ್ನು ಮರಳಿಸಲು ಘಟಕ ಒಪ್ಪಿತೆಂದೂ ಇಟ್ಟುಕೊಳ್ಳಬಹುದು. ಒಪ್ಪಿದ ಗಳಿಗೆಯಿಂದ ಅದು ಹಣದಿಂದ ತೀರಿಸುವ ಹೊಣೆಯಾಗುತ್ತದೆ. ಪುಸ್ತಕದಲ್ಲಿರುವ ಹೊಣೆ 85ರ ದರದಲ್ಲಿ 68,000 ರೂಪಾಯಿ. ಅಂದಿನ ದರ 87 ಆಗಿದ್ದರೆ ಕೈಬಿಡುವ ಹಣ 69,600 ರೂಪಾಯಿ. ಹೆಚ್ಚಿನ 1,600 ರೂಪಾಯಿ ನಿಜವಾದ ವಿನಿಮಯ ನಷ್ಟ. ಕ್ರೆಡಿಟ್ ನೋಟನ್ನು ಮೂಲ ಬಿಲ್ಲಿನ ದರದಲ್ಲಿಯೇ, 68,000 ರೂಪಾಯಿಗೆ ಕೊಡಬೇಕು. ಇದನ್ನು 69,600ಕ್ಕೆ ಕೊಟ್ಟರೆ, ಆಗಲೇ ಸಲ್ಲಿಸಿದ ಸೇವೆಯ ಆದಾಯದಿಂದ 1,600 ರೂಪಾಯಿ ಕಡಿತವಾದಂತಾಗುತ್ತದೆ.

ಸೇವೆಯ ನಂತರ ಬರುವ ಹಣ

ಮುಂಗಡಕ್ಕೆ ವಿರುದ್ಧವಾದ ಸನ್ನಿವೇಶ ಇನ್ನೊಂದಿದೆ. ಅಮೆರಿಕದ ಫೌಂಡ್ರಿ ಸಮೂಹವೊಂದು ತನ್ನ 20 ಘಟಕಗಳಿಗೆ ತಿಂಗಳಿಗೆ ತಲಾ 60 ಡಾಲರಿನಂತೆ ಸೇವೆ ಪಡೆದು, ತಿಂಗಳು ಮುಗಿದ ಮೇಲೆ ಬಿಲ್ಲು ಪಡೆಯುತ್ತದೆ. ಫೆಬ್ರವರಿ ತಿಂಗಳ ಬಿಲ್ಲು 1,200 ಡಾಲರ್. ಫೆಬ್ರವರಿ 28ರ ದರ 87 ರೂಪಾಯಿ. ಬಿಲ್ಲಿನ ಮೌಲ್ಯ 1,04,400 ರೂಪಾಯಿ. ಮಾರ್ಚ್ 31ಕ್ಕೆ ಹಣ ಬಂದಿಲ್ಲ.

ಇದು ಹಣವಾಗಿಯೇ ಬರಬೇಕಾದ ಬಾಕಿ. ಆದ್ದರಿಂದ ಮಾರ್ಚ್ 31ರ ದರವಾದ 88 ರೂಪಾಯಿಗೆ ಇದನ್ನು 1,05,600 ರೂಪಾಯಿ ಎಂದು ತೋರಿಸಿ, 1,200 ರೂಪಾಯಿ ವಿನಿಮಯ ಲಾಭವನ್ನು ಆ ವರ್ಷಕ್ಕೇ ಬರೆಯಬೇಕು. ಹಣ ಕೈಗೆ ಬಾರದೆ ಲಾಭ ಹೇಗೆ ಎಂಬ ಆಕ್ಷೇಪ ವರ್ತಕರಿಂದ ಬರುವುದುಂಟು. ಆದರೆ ಮಾನದಂಡವು ಲಾಭ ಮತ್ತು ನಷ್ಟಗಳೆರಡಕ್ಕೂ ಒಂದೇ ಅಳತೆಯನ್ನು ಇಟ್ಟಿದೆ. ಆದಾಯ ತೆರಿಗೆಯ ಲೆಕ್ಕದಲ್ಲಿಯೂ ದಿನನಿತ್ಯದ ವ್ಯಾಪಾರದ ಬಾಕಿಗಳ ಇಂತಹ ವ್ಯತ್ಯಾಸವು ಆಯಾ ವರ್ಷಕ್ಕೇ ಸೇರುತ್ತದೆ.

ಏಪ್ರಿಲ್ 10ರಂದು ಚಂದಾದಾರ ಬ್ಯಾಂಕಿನ ಮೂಲಕ 1,200 ಡಾಲರ್ ರವಾನಿಸಿದ. ನಡುವಿನ ವಿದೇಶಿ ಬ್ಯಾಂಕೊಂದು 15 ಡಾಲರ್ ಮುರಿದುಕೊಂಡು, ಬೆಳಗಾವಿಯ ಬ್ಯಾಂಕಿಗೆ ತಲುಪಿದ್ದು 1,185 ಡಾಲರ್. ಅಂದಿನ ದರ 87.50. ಬ್ಯಾಂಕೂ ಅದೇ ದರದಲ್ಲಿ ಬದಲಾಯಿಸಿತೆಂದರೆ ಜಮೆಯಾದುದು 1,03,687.50 ರೂಪಾಯಿ. ಪುಸ್ತಕದ ಬಾಕಿ 1,05,600ಕ್ಕೂ ಇದಕ್ಕೂ ಅಂತರ 1,912.50 ರೂಪಾಯಿ. ಇದರಲ್ಲಿ 1,200 ಡಾಲರ್‌ಗಳ ಮೇಲೆ 50 ಪೈಸೆಯಂತೆ 600 ರೂಪಾಯಿ ಹೊಸ ವರ್ಷದ ವಿನಿಮಯ ನಷ್ಟ, ಉಳಿದ 1,312.50 ರೂಪಾಯಿ 15 ಡಾಲರ್‌ಗಳ ಬ್ಯಾಂಕ್ ವೆಚ್ಚ. ಹಿಂದಿನ ವರ್ಷದ 1,200 ರೂಪಾಯಿ ಲಾಭದಿಂದ ಈ 600 ರೂಪಾಯಿ ಕಳೆದರೆ 600 ರೂಪಾಯಿ ನಿವ್ವಳ ಲಾಭ. ದರ 87ರಿಂದ 87.50ಕ್ಕೆ ಏರಿದ್ದರ ಪರಿಣಾಮವೂ ಸರಿಯಾಗಿ ಅಷ್ಟೇ ಇರುವುದರಿಂದ ಲೆಕ್ಕ ಸರಿಯಿದೆಯೆಂದು ಖಚಿತವಾಗುತ್ತದೆ.

ಈ 15 ಡಾಲರ್‌ಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಒಪ್ಪಂದದ ಪ್ರಕಾರ ಎಲ್ಲಾ ಬ್ಯಾಂಕ್ ವೆಚ್ಚವನ್ನು ಚಂದಾದಾರನೇ ಭರಿಸಬೇಕಾಗಿದ್ದರೆ ಅದು ವೆಚ್ಚವಲ್ಲ, ಇನ್ನೂ ಬರಬೇಕಾದ ಬಾಕಿ. ಚಂದಾದಾರನ ಖಾತೆಯನ್ನು ರೂಪಾಯಿಯಲ್ಲಿ ಮಾತ್ರ ಇಟ್ಟಿದ್ದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಕೊರತೆಯನ್ನೆಲ್ಲ ದರದ ಏರಿಳಿತದ ಮೇಲೆ ಹೊರಿಸಿ ಖಾತೆ ಮುಚ್ಚಲಾಗುತ್ತದೆ. ಡಾಲರಿನ ಕಾಲಂ ಇದ್ದಲ್ಲಿ 15 ಡಾಲರ್ ಬಾಕಿ ಸ್ಪಷ್ಟವಾಗಿ ಕಾಣುತ್ತದೆ. ಪ್ರತಿ ತಿಂಗಳೂ ಇದು ನಡೆದರೆ ವರ್ಷಕ್ಕೆ 180 ಡಾಲರ್ ಆಗುತ್ತದೆ.

ತೆರಿಗೆ ವಿವರಣಾ ಪಟ್ಟಿಯಲ್ಲಿ ಯಾವ ಮೊತ್ತ?

ಸರಕು ಮತ್ತು ಸೇವಾ ತೆರಿಗೆ ನಿಯಮಗಳ 34ನೆಯ ನಿಯಮವು ದರದ ಪ್ರಶ್ನೆಗೆ ಉತ್ತರಿಸುತ್ತದೆ. ಸೇವೆಗಳ ವಿಷಯದಲ್ಲಿ, ಪೂರೈಕೆಯ ಕಾಲವೆಂದು ಕಾನೂನು ಗುರುತಿಸುವ ದಿನದಂದು, ಅಂಗೀಕೃತ ಲೆಕ್ಕಪತ್ರ ತತ್ವಗಳ ಪ್ರಕಾರ ಅನ್ವಯವಾಗುವ ದರವನ್ನು ಬಳಸಬೇಕು. ಸರಕುಗಳ ವಿಷಯದಲ್ಲಿ ಮಾತ್ರ ಕಸ್ಟಮ್ಸ್ ಕಾಯಿದೆಯ 14ನೆಯ ವಿಧಿಯಡಿ ಪ್ರಕಟವಾಗುವ ದರವನ್ನು ಬಳಸಬೇಕು. ಆದ್ದರಿಂದ ಉದಾಹರಣೆಯ ಘಟಕವು ಒಂದೇ ದಿನ ಒಬ್ಬನೇ ಗ್ರಾಹಕನಿಗೆ ಉಪಕರಣವನ್ನೂ ಚಂದಾವನ್ನೂ ಪ್ರತ್ಯೇಕ ಪೂರೈಕೆಗಳಾಗಿ ಮಾರಿದರೆ, ಉಪಕರಣಕ್ಕೆ ಕಸ್ಟಮ್ಸ್ ದರವನ್ನೂ ಚಂದಾಕ್ಕೆ ಉಲ್ಲೇಖ ದರವನ್ನೂ ಬಳಸಬೇಕಾಗುತ್ತದೆ. ಎರಡಕ್ಕೂ ಒಂದೇ ದರ ಹಾಕುವ ತಂತ್ರಾಂಶವನ್ನು ಈ ದೃಷ್ಟಿಯಿಂದ ಪರೀಕ್ಷಿಸಬೇಕು.

ಸಿಂಗಪುರದ ಚಂದಾದಾರನ ವಿಷಯದಲ್ಲಿ ಅಕ್ಟೋಬರ್ ತಿಂಗಳ ವಿವರಣಾ ಪಟ್ಟಿಯಲ್ಲಿ ತೋರಿಸಬೇಕಾದ ರಫ್ತಿನ ಮೌಲ್ಯ 1,02,000 ರೂಪಾಯಿ. ಬ್ಯಾಂಕಿಗೆ ಬಂದ 97,503.60 ರೂಪಾಯಿಯನ್ನು ತೋರಿಸುವುದು ಸರಿಯಲ್ಲ, ಏಕೆಂದರೆ ಗೇಟ್‌ವೇ ಶುಲ್ಕವು ಘಟಕದ ವೆಚ್ಚವೇ ಹೊರತು ಬೆಲೆಯಲ್ಲಿ ಕೊಟ್ಟ ರಿಯಾಯಿತಿಯಲ್ಲ. ಆನಂತರದ ವಿನಿಮಯ ಲಾಭನಷ್ಟಗಳಿಂದಲೂ ಪೂರೈಕೆಯ ಮೌಲ್ಯ ಬದಲಾಗುವುದಿಲ್ಲ. ಆದರೆ ತೆರಿಗೆ ಮರುಪಾವತಿಗೆ ಅರ್ಜಿ ಸಲ್ಲಿಸುವಾಗ ಬ್ಯಾಂಕಿನ ಪ್ರಮಾಣಪತ್ರದ ಮೊತ್ತ ಕಡಿಮೆ ಇರುವುದರಿಂದ ಅಧಿಕಾರಿಯು ವಿವರಣೆ ಕೇಳಬಹುದು. ಮೇಲೆ ತೋರಿಸಿದ ಮೂರು ಸಾಲುಗಳ ವಿಭಜನೆಯೇ ಆಗ ಕೊಡಬೇಕಾದ ಉತ್ತರ. ಅದನ್ನು ಆಯಾ ತಿಂಗಳೇ ಸಿದ್ಧಪಡಿಸಿದ್ದರೆ ಕೆಲಸ ಸುಲಭ. ಒಂದು ವರ್ಷದ ನಂತರ ನೂರಾರು ಬಿಲ್ಲುಗಳಿಗೆ ಸಿದ್ಧಪಡಿಸುವುದು ಬಹು ಕಷ್ಟ.

ಸೇವೆಯು ರಫ್ತು ಎನಿಸಿಕೊಳ್ಳಲು ಇರುವ ಷರತ್ತುಗಳಲ್ಲಿ, ಹಣವು ಪರಿವರ್ತನೀಯ ವಿದೇಶಿ ವಿನಿಮಯದಲ್ಲಿ ಅಥವಾ ರಿಸರ್ವ್ ಬ್ಯಾಂಕ್ ಅನುಮತಿಸಿದ ಸಂದರ್ಭಗಳಲ್ಲಿ ರೂಪಾಯಿಯಲ್ಲಿ ಬರಬೇಕೆಂಬುದೂ ಒಂದು. ಗೇಟ್‌ವೇ ರೂಪಾಯಿಯಲ್ಲಿಯೇ ಜಮೆ ಮಾಡುವುದರಿಂದ, ಮೂಲದಲ್ಲಿ ವಿದೇಶಿ ವಿನಿಮಯ ಬಂದಿತ್ತೆಂಬುದಕ್ಕೆ ಬ್ಯಾಂಕಿನ ಒಳರವಾನೆ ಪ್ರಮಾಣಪತ್ರ ಅತ್ಯವಶ್ಯ. ವಿದೇಶದಲ್ಲಿ ನೆಲೆಸಿರುವ ಚಂದಾದಾರನೊಬ್ಬ ಊರಿನ ಬ್ಯಾಂಕಿನಲ್ಲಿರುವ ತನ್ನ ರೂಪಾಯಿ ಖಾತೆಯಿಂದ ಚಂದಾ ಕಟ್ಟಿದರೆ ಈ ಷರತ್ತಿನ ಪ್ರಶ್ನೆ ಏಳುತ್ತದೆ. ಅಂತಹ ಪಾವತಿಗಳನ್ನು ಡಾಲರ್ ಪಾವತಿಗಳೊಂದಿಗೆ ಬೆರೆಸದೆ ಬೇರೆಯಾಗಿ ಗುರುತಿಸಿಡಬೇಕು. ತೆರಿಗೆ ಕಟ್ಟದೆ ಮುಚ್ಚಳಿಕೆ ಪತ್ರದ ಮೇಲೆ ಸೇವೆ ರಫ್ತು ಮಾಡಿದವರು ಬಿಲ್ಲಿನ ದಿನದಿಂದ ನಿಗದಿತ ಅವಧಿಯೊಳಗೆ ಹಣ ಬಾರದಿದ್ದಲ್ಲಿ, ಆನಂತರದ 15 ದಿನಗಳೊಳಗೆ ಬಡ್ಡಿಸಹಿತ ತೆರಿಗೆ ಕಟ್ಟಬೇಕೆಂಬ ನಿಯಮವೂ ಇದೆ. ಅವಧಿಯನ್ನು ವಿಸ್ತರಿಸುವ ಅಧಿಕಾರ ಆಯುಕ್ತರಿಗಿದೆ.

ದಶಾಂಶದ ತಪ್ಪುಗಳು

ದರದ ತಪ್ಪಿಗಿಂತಲೂ ದೊಡ್ಡ ಹಾನಿ ಮಾಡುವುದು ದಶಾಂಶ ಬಿಂದುವಿನ ತಪ್ಪು. ಡಾಲರಿಗೆ 100 ಸೆಂಟುಗಳು, ರೂಪಾಯಿಗೆ 100 ಪೈಸೆಗಳು. ಎಲ್ಲಾ ನಾಣ್ಯಗಳೂ ಹೀಗಿಲ್ಲ. ಜಪಾನಿನ ಯೆನ್‌ಗೆ ಬಳಕೆಯಲ್ಲಿ ಚಿಲ್ಲರೆ ಭಾಗವೇ ಇಲ್ಲ. ಕುವೈತಿನ ದಿನಾರ್‌ಗೆ 1,000 ಫಿಲ್ಸ್‌ಗಳು. ಅದನ್ನು ಮೂರು ದಶಾಂಶ ಸ್ಥಾನಗಳಲ್ಲಿ ಬರೆಯಲಾಗುತ್ತದೆ. ಅನೇಕ ಗೇಟ್‌ವೇಗಳು ಮೊತ್ತವನ್ನು ಅತಿ ಸಣ್ಣ ನಾಣ್ಯದ ಲೆಕ್ಕದಲ್ಲಿ, ದಶಾಂಶ ಬಿಂದುವಿಲ್ಲದೆ ಕಳುಹಿಸುತ್ತವೆ. 1,200 ಡಾಲರ್ ಎಂಬುದು ಕಡತದಲ್ಲಿ 120000 ಎಂದು ಬರುತ್ತದೆ. ಇದನ್ನು 100ರಿಂದ ಭಾಗಿಸುವುದು ಸರಿ. ಆದರೆ 1,80,000 ಯೆನ್‌ಗಳ ಪಾವತಿ 180000 ಎಂದೇ ಬರುತ್ತದೆ; 100ರಿಂದ ಭಾಗಿಸಿದರೆ 1,800 ಯೆನ್ ಆಗುತ್ತದೆ. 360 ದಿನಾರ್‌ಗಳ ಪಾವತಿ 360000 ಎಂದು ಬಂದು, 100ರಿಂದ ಭಾಗಿಸಿದರೆ 3,600 ದಿನಾರ್ ಆಗಿಬಿಡುತ್ತದೆ.

ಯೆನ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಭಾರತದಲ್ಲಿ ಯೆನ್‌ನ ಉಲ್ಲೇಖ ದರವನ್ನು 100 ಯೆನ್‌ಗಳಿಗೆ ಇಷ್ಟು ರೂಪಾಯಿ ಎಂದು ಪ್ರಕಟಿಸಲಾಗುತ್ತದೆ. ಇದನ್ನು ಒಂದು ಯೆನ್‌ನ ದರವೆಂದು ತಂತ್ರಾಂಶಕ್ಕೆ ತುಂಬಿದರೆ ಬಿಲ್ಲಿನ ರೂಪಾಯಿ ಮೌಲ್ಯ ನೂರು ಪಟ್ಟು ಹಿಗ್ಗುತ್ತದೆ. ಮೊತ್ತವನ್ನೂ ತಪ್ಪಾಗಿ 100ರಿಂದ ಭಾಗಿಸಿದ್ದರೆ, ಎರಡು ತಪ್ಪುಗಳೂ ಒಂದನ್ನೊಂದು ಮುಚ್ಚಿಕೊಂಡು ರೂಪಾಯಿ ಮೊತ್ತ ಸರಿಯಾಗಿಯೇ ಕಾಣುತ್ತದೆ. ಒಂದನ್ನು ಸರಿಪಡಿಸಿದ ದಿನ ಮತ್ತೊಂದು ಹೊರಬೀಳುತ್ತದೆ.

ದಾಖಲೆಯ ರೂಪ ಮತ್ತು ತಿಂಗಳ ತಪಾಸಣೆ

ಪ್ರತಿ ಬಿಲ್ಲಿಗೂ ಈ ಕೆಳಗಿನ ವಿವರಗಳು ಒಂದೇ ಸಾಲಿನಲ್ಲಿರಬೇಕು: ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ, ನಾಣ್ಯದ ಹೆಸರು, ವಿದೇಶಿ ನಾಣ್ಯದಲ್ಲಿ ಮೊತ್ತ, ಬಳಸಿದ ದರ, ಆ ದರದ ದಿನಾಂಕ ಮತ್ತು ಮೂಲ, ರೂಪಾಯಿ ಮೌಲ್ಯ. ಹಣ ಬಂದಾಗ ಇವುಗಳಲ್ಲಿ ಯಾವುದನ್ನೂ ತಿದ್ದದೆ, ಮುಂದಿನ ಕಾಲಂಗಳಲ್ಲಿ ಜಮೆಯಾದ ದಿನಾಂಕ, ಮುರಿದುಕೊಂಡ ಶುಲ್ಕ, ಬದಲಾಯಿಸಿದ ವಿದೇಶಿ ಮೊತ್ತ, ಬದಲಾಯಿಸಿದ ದರ ಮತ್ತು ಬ್ಯಾಂಕಿನ ರೂಪಾಯಿ ಮೊತ್ತವನ್ನು ಬರೆಯಬೇಕು. ಬಿಲ್ಲಿನ ದಿನ ರಜೆಯಾಗಿದ್ದು ಉಲ್ಲೇಖ ದರ ಪ್ರಕಟವಾಗದಿದ್ದರೆ ಹಿಂದಿನ ಕೆಲಸದ ದಿನದ ದರವನ್ನು ಬಳಸುವ ಕ್ರಮವನ್ನು ಇಟ್ಟುಕೊಂಡು, ಅದನ್ನು ವರ್ಷವಿಡೀ ಒಂದೇ ರೀತಿ ಪಾಲಿಸಬೇಕು. ದರದ ದಿನಾಂಕಕ್ಕೆ ಪ್ರತ್ಯೇಕ ಕಾಲಂ ಇಡುವುದು ಇದಕ್ಕಾಗಿಯೇ.

ತಿಂಗಳ ಕೊನೆಯಲ್ಲಿ ಎರಡು ತಪಾಸಣೆಗಳು ಸಾಕು. ಮೊದಲನೆಯದು ಪ್ರತಿ ಸಾಲಿನ ರೂಪಾಯಿ ಮೊತ್ತವನ್ನು ವಿದೇಶಿ ಮೊತ್ತದಿಂದ ಭಾಗಿಸುವುದು. ಗಣಕದ ಹಾಳೆಯಲ್ಲಿ ವಿದೇಶಿ ಮೊತ್ತ D ಕಾಲಂನಲ್ಲಿಯೂ ರೂಪಾಯಿ ಮೊತ್ತ F ಕಾಲಂನಲ್ಲಿಯೂ ಇದ್ದರೆ ಸೂತ್ರ ಇಷ್ಟೇ:

```
=F2/D2
```

ಇದನ್ನು ಬಿಲ್ಲಿನ ಮೊತ್ತಗಳಿಗೂ, ಬ್ಯಾಂಕಿಗೆ ಬಂದ ಮೊತ್ತಗಳಿಗೂ ಬೇರೆ ಬೇರೆಯಾಗಿ ಮಾಡಬೇಕು. ಬರುವ ಉತ್ತರಗಳನ್ನು ನಾಣ್ಯವಾರು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ತಪ್ಪು ಸಾಲುಗಳು ತಾವಾಗಿಯೇ ಮೇಲೆ ಅಥವಾ ಕೆಳಗೆ ಬಂದು ನಿಲ್ಲುತ್ತವೆ. ಒಂದು ಯೆನ್ ಒಂದು ರೂಪಾಯಿಗಿಂತ ಕಡಿಮೆ. ಒಂದು ಕುವೈತಿ ದಿನಾರ್ ಮೂರು ಡಾಲರ್‌ಗಳಿಗಿಂತ ಹೆಚ್ಚು. ಯೆನ್ ಸಾಲಿನಲ್ಲಿ ಐವತ್ತು ಅರವತ್ತರ ಅಂಕಿಯೋ, ದಿನಾರ್ ಸಾಲಿನಲ್ಲಿ ಇಪ್ಪತ್ತು ಮೂವತ್ತರ ಅಂಕಿಯೋ ಕಂಡರೆ ದಶಾಂಶದ ಅಥವಾ ದರದ ತಪ್ಪು ಖಚಿತ. ಮೇಲೆ ಹೇಳಿದಂತೆ ಯೆನ್‌ನ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿದ್ದರೂ ಈ ಭಾಗಾಕಾರದಲ್ಲಿ ಅವು ಬಯಲಾಗುತ್ತವೆ. ಡಾಲರ್ ಸಾಲುಗಳಲ್ಲಿ ಒಂದೇ ದಿನದ ಎರಡು ಬಿಲ್ಲುಗಳಿಗೆ ಎರಡು ದರ ಕಂಡರೆ ದರದ ಮೂಲ ಬೆರೆತಿದೆ ಎಂದರ್ಥ.

ಎರಡನೆಯದು ಬಾಕಿಯ ತಪಾಸಣೆ. ಪ್ರತಿ ನಾಣ್ಯದಲ್ಲಿ ಚಂದಾದಾರರಿಂದ ಬರಬೇಕಾದ ಒಟ್ಟು ವಿದೇಶಿ ಮೊತ್ತವನ್ನು ಅವಧಿಯ ಕೊನೆಯ ದರದಿಂದ ಗುಣಿಸಿದರೆ, ಮರುಮೌಲ್ಯಮಾಪನದ ನಂತರದ ರೂಪಾಯಿ ಬಾಕಿಗೆ ಅದು ಸಮವಾಗಬೇಕು. ಡಾಲರ್ ಬಾಕಿ ಸೊನ್ನೆಯಾಗಿದ್ದು ರೂಪಾಯಿ ಬಾಕಿ ಮಾತ್ರ ಉಳಿದಿದ್ದರೆ, ಯಾವುದೋ ವಿನಿಮಯ ವ್ಯತ್ಯಾಸದ ನಮೂದು ಬಿಟ್ಟುಹೋಗಿದೆ. ಇದಕ್ಕೆ ವಿರುದ್ಧವಾಗಿ ರೂಪಾಯಿ ಬಾಕಿ ಸೊನ್ನೆಯಾಗಿದ್ದು ಡಾಲರ್ ಬಾಕಿ ಉಳಿದಿದ್ದರೆ, ಚಂದಾದಾರನ ಕೊರತೆಯನ್ನು ವಿನಿಮಯ ನಷ್ಟವೆಂದು ಮುಚ್ಚಲಾಗಿದೆ. ಮುಂಗಡ ಚಂದಾದ ಖಾತೆಯನ್ನು ಈ ತಪಾಸಣೆಯಿಂದ ಹೊರಗಿಡಬೇಕು. ಅದನ್ನು ಆಯಾ ಬಿಲ್ಲಿನ ಮೂಲ ದರದಿಂದ, ಉಳಿದ ತಿಂಗಳುಗಳ ಲೆಕ್ಕದಲ್ಲಿ ಬೇರೆಯಾಗಿ ತಾಳೆ ನೋಡಬೇಕು.

ಹೊಸ ಬಿಲ್ಲಿಂಗ್ ತಂತ್ರಾಂಶ ಕೊಳ್ಳುವ ಮುನ್ನ ಉದ್ದಿಮೆದಾರರು ಮಾರಾಟಗಾರನ ಎದುರಿನಲ್ಲಿಯೇ ಮೇಲಿನ ಎರಡು ಉದಾಹರಣೆಗಳನ್ನು ತುಂಬಿಸಿ ನೋಡುವುದು ಒಳಿತು. ಮಾರ್ಚ್ 31ರ ಮರುಮೌಲ್ಯಮಾಪನದ ನಂತರ ಸಿಂಗಪುರದ ಮುಂಗಡ ಚಂದಾ 51,000 ರೂಪಾಯಿಯಲ್ಲಿಯೇ ನಿಂತು, ಅಮೆರಿಕದ ಬಾಕಿ ಮಾತ್ರ 1,05,600 ರೂಪಾಯಿಗೆ ಏರಿದರೆ ಆ ತಂತ್ರಾಂಶ ಎರಡೂ ಬಗೆಯ ಬಾಬುಗಳನ್ನು ಸರಿಯಾಗಿ ಬೇರ್ಪಡಿಸುತ್ತಿದೆ ಎಂದು ತಿಳಿಯಬಹುದು.